ಫ್ಲೈಟ್ ಹತ್ತಿದ ಮೇಲೆ ಓದು ಪುಟ್ಟಿ

ದಾವಣಗೆರೆ
ಭಾನುವಾರ ರಾತ್ರಿ

ಪುಟ್ಟೀ,

ನೀನು ಫ್ರೆಂಡ್ಸ್ ಜೊತೆ ಗಾಜಿನ ಮನೆ ಕಡೆ ಹೋಗಿದೀಯ, ಅಪ್ಪಾಜಿ ನಿನ್ನ ಸೂಟ್‌ಕೇಸ್‌ನ ಇನ್ನೊಂದ್ ಸಲ ತೂಕದ ಮಷೀನ್ ಮೇಲೆ ಇಟ್ಕೊಂಡು ಕೂತಿದಾರೆ, ಅಜ್ಜಿ ಮಲಗಿದಾರೆ, ಅದಕ್ಕೆ ಈಗ ಸಿಕ್ಕ ಟೈಮಲ್ಲಿ ಫೋನಲ್ಲೇ ಟೈಪ್ ಮಾಡ್ತಿದೀನಿ. ಎದುರಿಗೆ ಕೂತು ಹೇಳೋಕೆ ಹೋದ್ರೆ ನನಗೆ ಗಂಟಲು ಕಟ್ಟುತ್ತೆ, ನೀನು ಏನಮ್ಮ ಅಂತ ನನ್ನನ್ನೇ ಸಮಾಧಾನ ಮಾಡೋಕೆ ಶುರು ಮಾಡ್ತೀಯ, ಹೇಳಬೇಕಾದ್ದು ಅಲ್ಲಿಗೇ ನಿಂತುಹೋಗುತ್ತೆ.

ಮೊದಲು ಖುಷಿ ವಿಷಯ. ನಿಮ್ಮಜ್ಜ ಇದ್ದಿದ್ರೆ ಎಷ್ಟು ಕುಣಿದಾಡ್ತಿದ್ರು ಗೊತ್ತಾ. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಅವರು ಇನ್ನೂ ಕಾಟನ್ ಮಿಲ್ಲಿಗೆ ಹೋಗ್ತಿದ್ರು, ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಬರೋವಾಗ ಹುಬ್ಬಿನ ಮೇಲೆ, ಕಿವಿ ಕೂದಲಲ್ಲಿ ಎಲ್ಲ ಬೆಳ್ಳಗೆ ಹತ್ತಿ ಕೂತಿರ್ತಿತ್ತು, ಹಿತ್ತಲಲ್ಲಿ ನಿಂತು ಟವಲ್ಲಲ್ಲಿ ಪಟಪಟ ಅಂತ ಹೊಡ್ಕೊಂಡೇ ಒಳಗೆ ಬರ್ತಿದ್ರು. ದಾರನ ಎರಡು ಬೆರಳಲ್ಲಿ ಹಿಡಿದು ಹೊಸೆದು ನೋಡಿ ಇದು ಎಷ್ಟನೇ ನಂಬರ್ ನೂಲು ಅಂತ ಹೇಳೋರು. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೀತಿದ್ದ ಊರು ಇದು, ಆಮೇಲೆ ಮಿಲ್ಲುಗಳು ಒಂದೊಂದೇ ಮುಚ್ಚಿದವು, ಈಗಿನ ಹುಡುಗ್ರಿಗೆ ಹೇಳಿದ್ರೆ ಹೌದಾ ಅಂತಾರೆ. ನೀನು ಬಾಪೂಜಿ ಕಾಲೇಜಲ್ಲಿ ಟೆಕ್ಸ್‌ಟೈಲ್ ತಗೊಂಡಾಗ ಕಂಪ್ಯೂಟರ್ ಬಿಟ್ಟು ಇದ್ಯಾಕೆ ಅಂತ ಎಷ್ಟ್ ಜನ ಕೇಳಿದ್ರು, ನೀನು ಒಂದೇ ಮಾತು, ನನಗೆ ಇದೇ ಇಷ್ಟ ಅಂದೆ. ಈಗ ಅದೇ ನೂಲಿನ ಓದಿಗೆ ಜರ್ಮನಿಗೆ ಹೊರಟಿದೀಯ. ಆಖೆನ್ ಕೂಡ ಒಂದು ಕಾಲಕ್ಕೆ ಉಣ್ಣೆ ಬಟ್ಟೆ ನೇಯೋ ಊರಾಗಿತ್ತು, ನಿನ್ನ ಯೂನಿವರ್ಸಿಟಿ 1870ರಲ್ಲಿ ಶುರುವಾಗಿದ್ದು ಅಂತ ನೀನು ಹೇಳಿದಾಗಿಂದ ನನಗೆ ಆ ಊರು ದೂರ ಅಂತ ಅನಿಸ್ತಾನೇ ಇಲ್ಲ, ನಮ್ಮ ಕಡೆಯೋರ ಊರೇ ಅನ್ನೋ ಹಂಗೆ ಆಗ್ಬಿಟ್ಟಿದೆ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ.

ನನ್ನ ಅವ್ವ, ಅಂದ್ರೆ ಹೊಸದುರ್ಗದ ನಿಮ್ಮ ಅಮ್ಮಮ್ಮ, ನನ್ನನ್ನ ತುಂಬಾ ಪ್ರೀತಿ ಮಾಡ್ತಿದ್ರು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಅವರ ಪ್ರೀತಿ ಎಲ್ಲ ಚಿಂತೆಯಾಗೇ ಹೊರಗೆ ಬರ್ತಿತ್ತು. ಮದುವೆಯಾಗಿ ಇಲ್ಲಿಗೆ ಬಂದ ಹೊಸದರಲ್ಲಿ ಪಕ್ಕದ ಮನೆ ಫೋನಿಗೆ ಮಾಡೋರು, ನೀನು ಹೋದಾಗಿಂದ ಕಣ್ಣಿಗೆ ನಿದ್ದೆ ಇಲ್ಲ ಕಣೆ, ಅನ್ನ ಸೇರಲ್ಲ ಕಣೆ, ನಿನ್ನದೇ ಯೋಚನೆ ಅನ್ನೋರು. ನಾನು ಫೋನ್ ಇಟ್ಟು ಬಂದು ಆವತ್ತೆಲ್ಲ ಕೆಲಸ ಮಾಡ್ತಾ ಮಾಡ್ತಾ ಅವ್ವ ಊಟ ಬಿಟ್ಟಿದಾಳೆ ಅಂತ ಅದನ್ನೇ ಯೋಚನೆ ಮಾಡ್ತಿದ್ದೆ. ನಿಧಾನಕ್ಕೆ ಏನಾಯ್ತು ಅಂದ್ರೆ ನಾನು ಅವ್ವಂಗೆ ಏನೂ ಹೇಳೋದೇ ಬಿಟ್ಟೆ. ಜ್ವರ ಬಂದ್ರೂ ಚೆನ್ನಾಗಿದೀನಿ, ಮನೆಲಿ ಮಾತು ಬಂದ್ರೂ ಚೆನ್ನಾಗಿದೀನಿ. ನೀನು ಹುಟ್ಟೋಕೆ ಮುಂಚೆ ನನಗೆ ಒಂದು ಗರ್ಭ ನಿಲ್ಲಲಿಲ್ಲ, ಅದನ್ನ ಕೂಡ ಅವ್ವಂಗೆ ನಾನಾಗಿ ಹೇಳಲಿಲ್ಲ, ಅತ್ತೆ ಹೇಳಿದ ಮೇಲೆ ಗೊತ್ತಾಗಿದ್ದು. ಅವಳು ತಡ್ಕೊಳಲ್ಲ ಅಂತ ನಾನೇ ತಡ್ಕೊಂಡೆ. ಅಮ್ಮ ಇದ್ದೂ ಅಮ್ಮನ ಹತ್ರ ಹೇಳೋಕಾಗದೆ ಇರೋದು ಎಂಥ ಒಂಟಿತನ ಅಂತ ನನಗೆ ಗೊತ್ತು ಪುಟ್ಟಿ.

ನಿನಗೆ ಅದು ಬೇಡ. ಹಂಗಂತ ನನಗೇನೂ ಭಯ ಇಲ್ಲ ಅಂತ ಸುಳ್ಳು ಹೇಳಲ್ಲ, ನೀನು ನಂಬೋದೂ ಇಲ್ಲ. ಐತೆ. ಆದ್ರೆ ಅದು ನಂದು, ಅದನ್ನ ನೋಡ್ಕೊಳೋದು ನನ್ನ ಕೆಲಸ. ಬೆಳಿಗ್ಗೆ ಕುಂದವಾಡ ಕೆರೆ ಏರಿ ಮೇಲೆ ವಾಕಿಂಗ್ ಹೋಗುವಾಗ ಪಕ್ಕದ ಮನೆ ಆಂಟಿ ಹತ್ರ ಹೇಳ್ಕೋತೀನಿ, ಶುಕ್ರವಾರ ದುಗ್ಗಮ್ಮನ ಗುಡಿಲಿ ಕೂತು ಹೇಳ್ಕೋತೀನಿ, ನಿಮ್ಮ ಚಿಕ್ಕಮ್ಮಂಗೆ ಫೋನಲ್ಲಿ ಗಂಟೆಗಟ್ಟಲೆ ಹೇಳ್ಕೋತೀನಿ. ಅಮ್ಮ ಹೆಂಗಿದಾಳೋ ಅಂತ ನೀನು ಅಲ್ಲಿಂದ ನನ್ನ ಕಾಯೋದು ಬೇಡ. ನಾನು ಊಟ ಮಾಡ್ತೀನಿ, ಮಲಗ್ತೀನಿ, ಸಂಘದ ಮೀಟಿಂಗಿಗೆ ಹೋಗ್ತೀನಿ, ನಿನ್ನ ರೂಮಲ್ಲಿ ಹೊಲಿಗೆ ಮಷೀನ್ ಇಟ್ಕೋತೀನಿ ಅಂತ ಆಗ್ಲೇ ಅಪ್ಪಾಜಿಗೆ ಹೇಳಿಯೂ ಆಗಿದೆ. ಮಂಚ ಅಲ್ಲೇ ಇರುತ್ತೆ, ಗಾಬರಿ ಆಗ್ಬೇಡ.

ಅಲ್ಲಿ ಏನೇ ಆಗ್ಲಿ ನನಗೆ ಹೇಳಬಹುದು. ಒಂದು ಪೇಪರ್ ಫೇಲಾಯ್ತು, ರೂಮ್‌ಮೇಟ್ ಜೊತೆ ಆಗ್ತಿಲ್ಲ, ಯಾರನ್ನೋ ಇಷ್ಟಪಟ್ಟೆ, ಯಾರೋ ಮನಸ್ಸು ಮುರಿದ್ರು, ಏನೂ ಇಲ್ಲದೆ ಸುಮ್ಮನೆ ಅಳು ಬರ್ತಿದೆ, ಯಾವುದಾದ್ರೂ ಸರಿ. ನಾನು ಅಯ್ಯೋ ಅನ್ನಲ್ಲ, ತಕ್ಷಣ ಉಪದೇಶ ಮಾಡಲ್ಲ. ಕೇಳ್ತೀನಿ. ಬೇಕಾದ್ರೆ ಮಾತಾಡ್ತೀನಿ, ಬೇಡ ಅಂದ್ರೆ ಫೋನ್ ಹಿಡ್ಕೊಂಡು ಸುಮ್ನೆ ಕೂತಿರ್ತೀನಿ. ಹೇಳದೇ ಇರೋದೂ ನಿನ್ನಿಷ್ಟಾನೇ. ಎಲ್ಲಾನೂ ಅಮ್ಮಂಗೆ ಹೇಳಲೇಬೇಕು ಅನ್ನೋ ಕಾನೂನೇನಿಲ್ಲ, ನಿನಗೆ ನಿನ್ನದೇ ಅಂತ ಒಂದಷ್ಟು ಇರ್ಬೇಕು.

ದಿನಾ ಫೋನ್ ಮಾಡು ಅಂತ ಕೇಳಲ್ಲ. ವಾರಕ್ಕೊಂದು ದಿನ ಸಾಕು. ಅಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರ್ತವಂತಲ್ಲ, ನಿನಗೂ ಪುರುಸೊತ್ತು. ನಿನಗೆ ಬೆಳಿಗ್ಗೆ 9:30 ಆದಾಗ ನಮಗೆ ಮಧ್ಯಾಹ್ನ 1 ಗಂಟೆ, ಅಕ್ಟೋಬರ್ ಕೊನೆ ಭಾನುವಾರ ಗಡಿಯಾರ ಹಿಂದಕ್ಕೆ ಇಟ್ಟ ಮೇಲೆ ನಮಗೆ 2 ಗಂಟೆ, ಅಪ್ಪಾಜಿ ಇದನ್ನ ಕ್ಯಾಲೆಂಡರ್ ಮೇಲೆ ಬರ್ದಿಟ್ಟಿದಾರೆ. ಮಾಡೋಕಾಗ್ಲಿಲ್ಲ ಅಂದ್ರೆ ಒಂದು ಮೆಸೇಜ್ ಹಾಕು, ಯಾಕೆ ಏನು ಅಂತ ಕಾರಣ ಬರೀಬೇಡ. ಬ್ಲೂ ಟಿಕ್ ಬಂದು ರಿಪ್ಲೈ ಬಂದಿಲ್ಲ ಅಂತ ನಾನು ಲೆಕ್ಕ ಹಾಕ್ಕೊಂಡು ಕೂರಲ್ಲ.

ದುಡ್ಡಿನ ವಿಷಯ. ಬ್ಲಾಕ್ಡ್ ಅಕೌಂಟಲ್ಲಿ ಇಟ್ಟಿರೋ 11,904 ಯೂರೋ ನಿನ್ನ ಊಟಕ್ಕೆ, ಬಾಡಿಗೆಗೆ ಅಂತ ಇಟ್ಟಿದ್ದು, ತಿಂಗಳಿಗೆ 992 ಬರುತ್ತಲ್ಲ ಅದನ್ನ ಖರ್ಚು ಮಾಡು. ಪ್ರತಿ ಸಲ ಹಣ್ಣು ತಗೊಳುವಾಗ ರೂಪಾಯಿಗೆ ಗುಣಿಸಿ ವಾಪಸ್ ಇಡಬೇಡ, ನಿನ್ನ ಬುದ್ಧಿ ನನಗೆ ಗೊತ್ತು. ಒಳ್ಳೆ ಜಾಕೆಟ್ ತಗೋ, ಒಳ್ಳೆ ಶೂ ತಗೋ, ಇವೆರಡರಲ್ಲಿ ಮಾತ್ರ ಉಳಿಸೋಕೆ ಹೋಗ್ಬೇಡ. ಲೋನ್ ಪೇಪರಿನ ಬಗ್ಗೆ ನಾವಿಬ್ಬರೂ ಕೂತು ಯೋಚನೆ ಮಾಡೇ ಸೈನ್ ಹಾಕಿದೀವಿ, ನಿನ್ನ ಮೇಲೆ ಉಪಕಾರ ಹೊರಿಸೋಕಲ್ಲ. ಓದು ಮುಗಿದ ಮೇಲೆ ಕೆಲಸ ಅಲ್ಲಿ ಮಾಡ್ತೀಯೋ ಇಲ್ಲಿಗೆ ಬರ್ತೀಯೋ, ಅದನ್ನ ಈಗ್ಲೇ ತಲೆಲಿ ಇಟ್ಕೊಂಡು ಓದೋದು ಬೇಡ. ಮದುವೆ ಬಗ್ಗೆ ಕೇಳೋ ನೆಂಟರಿಗೆ ಉತ್ತರ ನಾನು ಕೊಡ್ತೀನಿ, ಆ ಫೋನ್ ನಿನ್ನ ತನಕ ಬರೋದೇ ಇಲ್ಲ.

ಇನ್ನು ಅಡುಗೆ. ತುಪ್ಪ, ಬೆಣ್ಣೆ, ಪೇಡ ಏನೂ ಒಯ್ಯೋ ಹಂಗಿಲ್ಲ, ಹೊರಗಿನ ದೇಶದಿಂದ ಹಾಲಿನ ಪದಾರ್ಥ ಒಳಗೆ ಬಿಡಲ್ಲ ಅಂತ ನೀನೇ ಓದಿ ಹೇಳಿದೆ, ಅಜ್ಜಿಗೆ ಇನ್ನೂ ಅದೇ ಬೇಜಾರು. ಪರವಾಗಿಲ್ಲ, ಅಲ್ಲಿ ಉಪ್ಪಿಲ್ಲದ ಬೆಣ್ಣೆ ಸಿಗುತ್ತೆ, ದಪ್ಪ ತಳದ ಪಾತ್ರೆಲಿ ಹಾಕಿ ಸಣ್ಣ ಉರಿಲಿ ಇಡು, ಮೊದಲು ನೊರೆ ಬಂದು ಚಟಚಟ ಅನ್ನುತ್ತೆ, ಆಮೇಲೆ ಸದ್ದು ಕಡಿಮೆ ಆಗಿ ತಳದಲ್ಲಿ ಗಸಿ ಕೆಂಪಾಗೋಕೆ ಶುರುವಾಗುತ್ತೆ, ಆವಾಗ್ಲೇ ಇಳಿಸ್ಬಿಡು, ಪಾತ್ರೆ ಬಿಸಿಗೇ ಉಳಿದಿದ್ದು ಆಗುತ್ತೆ. ಅದನ್ನ ನೋಡ್ಕೊಂಡು ಅಲ್ಲೇ ನಿಂತಿರು, ಫೋನ್ ಹಿಡ್ಕೊಂಡು ರೂಮಿಗೆ ಹೋಗ್ಬೇಡ. ದೋಸೆಗೆ ಮಂಡಕ್ಕಿ ಒಂದು ಪ್ಯಾಕೆಟ್ ಇಟ್ಟಿದೀನಿ, ಹಗುರ ಇರೋದ್ರಿಂದ ತೂಕಕ್ಕೇನೂ ಆಗಲ್ಲ, ಅಕ್ಕಿ ಉದ್ದಿನಬೇಳೆ ರುಬ್ಬುವಾಗ ಒಂದು ಹಿಡಿ ನೆನೆಸಿ ಹಾಕ್ಕೋ. ಚಳಿಗೆ ಹಿಟ್ಟು ಬೇಗ ಉಬ್ಬಲ್ಲ, ಹೀಟರ್ ಪಕ್ಕ ಇಟ್ಟು ನೋಡು. ನಮ್ಮ ಬೆಣ್ಣೆ ದೋಸೆ ಹೋಟೆಲ್ ರುಚಿ ಬರಲ್ಲ, ಆದ್ರೂ ನಿನ್ನ ಕೈ ದೋಸೆ ಚೆನ್ನಾಗೇ ಇರುತ್ತೆ. ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಕಟಕ್ ರೊಟ್ಟಿ ನೀಲಿ ಸೂಟ್‌ಕೇಸಲ್ಲಿದೆ, ಪಕ್ಕದ ರೂಮಿನ ಹುಡುಗೀರಿಗೂ ಕೊಡು, ಊಟದಿಂದಾನೇ ಸ್ನೇಹ ಬೇಗ ಆಗೋದು.

ಚಳಿಗಾಲದಲ್ಲಿ ಅಲ್ಲಿ ನಾಲ್ಕೂವರೆಗೆಲ್ಲ ಕತ್ತಲೆ ಆಗುತ್ತಂತೆ. ಆ ಟೈಮಲ್ಲಿ ಮನಸ್ಸು ಭಾರ ಆದ್ರೆ ನನ್ನಲ್ಲೇ ಏನೋ ಕೊರತೆ ಐತೆ ಅಂದ್ಕೋಬೇಡ, ಬಿಸಿಲಲ್ಲಿ ಬೆಳೆದ ದೇಹ ಅದು, ಹಂಗಾಗೋದು ಸಹಜ. ಹಗಲಲ್ಲಿ ಒಂದು ರೌಂಡ್ ಹೊರಗೆ ಹೋಗಿ ಬಾ. ಅಷ್ಟಾದ್ರೂ ಹಗುರ ಆಗ್ಲಿಲ್ಲ ಅಂದ್ರೆ ಯೂನಿವರ್ಸಿಟಿಲೇ ಕೌನ್ಸೆಲರ್ ಇರ್ತಾರೆ, ಹಲ್ಲು ನೋವಿಗೆ ಡಾಕ್ಟರ್ ಹತ್ರ ಹೋಗಲ್ವಾ, ಹಂಗೇ ಹೋಗು, ನಾಚ್ಕೋಬೇಡ.

ಇನ್ನೊಂದು ಮಾತು, ಇದನ್ನ ಯಾವತ್ತೂ ಬಾಯಿಬಿಟ್ಟು ಹೇಳಿಲ್ಲ. ನನಗೆ ನೀನು ಫಸ್ಟ್ ಕ್ಲಾಸ್ ಬಂದಿದ್ದಕ್ಕಿಂತ ಜಾಸ್ತಿ ಇಷ್ಟ ಆಗಿದ್ದು ಬೇರೆ. ಅಜ್ಜಿಗೆ ಕಣ್ಣಿನ ಆಪರೇಷನ್ ಆದಾಗ ದಿನಾ ಸಂಜೆ ಪಕ್ಕದಲ್ಲಿ ಕೂತು ಅವರಿಗೆ ಪೇಪರ್ ಓದಿ ಹೇಳ್ತಿದ್ದೆ, ನಿಧನ ವಾರ್ತೆ ಕಾಲಂ ಕೂಡ ಬಿಡದೆ ಓದ್ತಿದ್ದೆ, ಯಾಕೆ ಅಂದ್ರೆ ಅಜ್ಜಿಗೆ ಅದೇ ಮೊದಲು ಬೇಕಾಗ್ತಿತ್ತು. ಯಾರೂ ನಿನಗೆ ಓದು ಅಂತ ಹೇಳಿರಲಿಲ್ಲ. ನಾನು ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿಸ್ಕೊಂಡು ಒಳಗೆ ಹೋಗಿದ್ದೆ. ಅಂಥ ಹುಡುಗಿ ಎಲ್ಲಿ ಹೋದ್ರೂ ಜನ ಸಿಗ್ತಾರೆ ಅನ್ನೋ ಧೈರ್ಯ ನನಗೆ ನೀನೇ ಕೊಟ್ಟಿದ್ದು.

ಏರ್‌ಪೋರ್ಟಲ್ಲಿ ನಾನು ಅಳಬಹುದು, ಅಪ್ಪಾಜಿ ಖಂಡಿತ ಅಳ್ತಾರೆ. ನೀನು ಕೈ ಬೀಸಿ ಒಳಗೆ ಹೋಗು. ನಾವು ಆಮೇಲೆ ದೇವನಹಳ್ಳಿ ಹತ್ರ ಎಲ್ಲಾದ್ರೂ ಕಾಫಿ ಕುಡಿದು ಹೈವೇ ಹಿಡಿದು ಊರಿಗೆ ಬರ್ತೀವಿ, ತುಮಕೂರು ದಾಟೋ ಹೊತ್ತಿಗೆ ಅಪ್ಪಾಜಿ ಹಳೇ ಹಾಡು ಹಾಕೇ ಹಾಕ್ತಾರೆ.

ಪಾಸ್‌ಪೋರ್ಟ್, ಅಡ್ಮಿಷನ್ ಲೆಟರ್, ಇನ್ಶೂರೆನ್ಸ್ ಪೇಪರ್ ಹ್ಯಾಂಡ್‌ಬ್ಯಾಗಲ್ಲೇ ಇರ್ಲಿ. ಅಲ್ಲಿ ಹೋಗಿ ಮನೆ ಸೇರಿದ ಎರಡು ವಾರದೊಳಗೆ ವಿಳಾಸ ರಿಜಿಸ್ಟರ್ ಮಾಡಿಸ್ಬೇಕಲ್ಲ, ಅದಕ್ಕೆ ಮನೆ ಓನರ್ ಕೊಡೋ ಲೆಟರ್ ಮೊದಲ ದಿನವೇ ಕೇಳಿ ಇಸ್ಕೋ. ಅಜ್ಜಿ ಕೊಟ್ಟ ವಿಭೂತಿ ಗಟ್ಟಿ ಸಣ್ಣ ಪೌಚಲ್ಲಿದೆ, ಹಚ್ಕೊಳೋದು ಬಿಡೋದು ನಿನಗೆ ಬಿಟ್ಟಿದ್ದು, ಅವರ ಖುಷಿಗೆ ಇಟ್ಟಿದೀನಿ.

ನಿನ್ನ ಅಮ್ಮ

ಗುರೆಳ್ಳು ಪುಡಿ ಡಬ್ಬಿ ಮುಚ್ಚಳ ಸ್ವಲ್ಪ ಲೂಸು, ಕವರಲ್ಲಿ ಸುತ್ತಿದೀನಿ, ತೆಗೆಯುವಾಗ ನೇರ ಹಿಡ್ಕೊಂಡು ತೆಗಿ.