ತುಂಬೆ ಮತ್ತು ಅಜ್ಜನ ಗಡ್ಡ

ಮಧುಗಿರಿ ಬೆಟ್ಟದ ಹಿಂಬದಿಯಲ್ಲಿ, ರಾಗಿ ಹೊಲಗಳು ಮುಗಿದು ಕುರುಚಲು ಕಾಡು ಆರಂಭವಾಗುವ ಜಾಗದಲ್ಲಿ, ಒಂದು ಪುಟ್ಟ ಮೊಲದ ಮರಿ ಇತ್ತು. ಮೈಯೆಲ್ಲ ಒಣಹುಲ್ಲಿನ ಬಣ್ಣ. ಹಣೆಯ ಮೇಲೆ ಮಾತ್ರ ತುಂಬೆ ಹೂವಿನಷ್ಟು ಚಿಕ್ಕದಾದ ಒಂದು ಬಿಳಿ ಚುಕ್ಕೆ. ಆ ಚುಕ್ಕೆಯನ್ನು ನೋಡಿಯೇ ಅಮ್ಮ ಅವಳಿಗೆ ತುಂಬೆ ಎಂದು ಹೆಸರಿಟ್ಟಿದ್ದಳು.

ಕಾಡುಮೊಲಗಳು ಬಿಲ ತೋಡುವುದಿಲ್ಲ, ಗೊತ್ತೇ ಕಂದ? ಹುಲ್ಲಿನ ನಡುವೆ ಮೈಯಿಂದ ಒತ್ತಿ ಒತ್ತಿ, ತಮ್ಮ ಅಳತೆಗೆ ಸರಿಯಾದ ಒಂದು ಗುಳಿ ಮಾಡಿಕೊಂಡು, ಕಿವಿಗಳನ್ನು ಬೆನ್ನಿಗೆ ಅಂಟಿಸಿಕೊಂಡು ಅದರಲ್ಲಿ ಮಲಗುತ್ತವೆ. ತಾಯಿಮೊಲ ಮರಿಯ ಪಕ್ಕದಲ್ಲಿಯೇ ಇದ್ದರೆ ಅವಳ ವಾಸನೆ ಹಿಡಿದು ನರಿ ಬಂದುಬಿಡಬಹುದು. ಆದ್ದರಿಂದ ಅವಳು ಹಗಲೆಲ್ಲ ದೂರದಲ್ಲಿದ್ದು, ಕತ್ತಲಾದ ಮೇಲೆ ಬಂದು ಹಾಲುಣಿಸಿ ಹೋಗುತ್ತಾಳೆ. ದೂರವಿರುವುದು ಮರಿಯ ಮೇಲಿನ ಪ್ರೀತಿಯಿಂದಲೇ. ಆದರೆ ಒಬ್ಬಳೇ ಮಲಗಿರುವ ಮರಿಗೆ ಅದನ್ನು ನೆನಪಿಟ್ಟುಕೊಳ್ಳುವುದು ಕಷ್ಟ.

ತುಂಬೆಗಂತೂ ಬಹಳ ಕಷ್ಟವಾಗುತ್ತಿತ್ತು. ಒಣ ಎಲೆ ಸರಿದಾಡಿದರೆ ಹಾವು ಬಂತೇನೋ ಎಂದುಕೊಳ್ಳುತ್ತಿದ್ದಳು. ಗಾಳಿ ನಿಂತರೆ ಯಾಕೆ ನಿಂತಿತು ಎಂದು ಚಿಂತಿಸುತ್ತಿದ್ದಳು. ಚಂದ್ರ ಬೆಟ್ಟದ ಹಿಂದೆ ಸರಿದ ದಿನ, ನಾಳೆ ಅವನು ದಾರಿ ತಪ್ಪಿದರೆ ಏನು ಗತಿ ಎಂದು ಅವಳಿಗೆ ನಿದ್ದೆಯೇ ಬರಲಿಲ್ಲ. ಹೀಗೆ ಚಿಂತಿಸುವಾಗಲೆಲ್ಲ ಅವಳ ಉಸಿರು ಹೆಕ್‌ಹೆಕ್, ಹೆಕ್‌ಹೆಕ್ ಎಂದು ಓಡುತ್ತಿತ್ತು.

ಮಾರ್ಗಶಿರದ ಒಂದು ಚಳಿಯ ರಾತ್ರಿ, ಹುಣಸೆ ಮರದಿಂದ ಗೂಬೆಯೊಂದು "ಊಂ… ಊಂ…" ಎಂದು ಕೂಗಿತು. ತುಂಬೆ ಗುಳಿಯಿಂದ ಚಂಗನೆ ಎದ್ದು ಓಡಿದಳು. ಅವರೆ ಸಾಲುಗಳ ನಡುವೆ ನುಸುಳಿ, ಮುಳ್ಳುಬೇಲಿಯ ಕಂಡಿಯಲ್ಲಿ ತೂರಿ ಓಡುತ್ತಲೇ ಇದ್ದಳು. ಏಕೆಂದರೆ ಅವಳ ಹಿಂದೆಯೇ ಯಾರೋ ಓಡಿಬರುತ್ತಿದ್ದರು. ಡಬಡಬ, ಡಬಡಬ! ಅವಳು ಎಡಕ್ಕೆ ತಿರುಗಿದರೆ ಆ ಸದ್ದೂ ಎಡಕ್ಕೆ ತಿರುಗುತ್ತಿತ್ತು. ಅವಳು ಬಲಕ್ಕೆ ಹಾರಿದರೆ ಅದೂ ಬಲಕ್ಕೆ ಹಾರುತ್ತಿತ್ತು.

ಕೊನೆಗೆ ಅವಳು ರಾಗಿ ಒಕ್ಕುವ ಕಣಕ್ಕೆ ಬಂದು, ಹುಲ್ಲಿನ ಬಣವೆಯ ಪಕ್ಕದಲ್ಲಿದ್ದ ಒಂದು ದೊಡ್ಡ ಬೆಚ್ಚನೆಯ ದಿಬ್ಬಕ್ಕೆ ಹೋಗಿ ಒರಗಿಕೊಂಡಳು. ಆ ದಿಬ್ಬ ನಿಧಾನವಾಗಿ ಮೇಲೇರಿತು. ನಿಧಾನವಾಗಿ ಕೆಳಗಿಳಿಯಿತು. ಅದು ದಿಬ್ಬವಲ್ಲ, ಮೆಲುಕು ಹಾಕುತ್ತ ಮಲಗಿದ್ದ ಮುದಿ ಎತ್ತು ಬಸವಜ್ಜ.

"ಯಾರಮ್ಮಾ ಅದು? ಉಸಿರಿಗಿಂತ ಮುಂಚೆ ನೀನೇ ಬಂದುಬಿಟ್ಟೆಯಲ್ಲ" ಎಂದಿತು ಎತ್ತು.

"ಅಜ್ಜಾ, ಯಾರೋ ನನ್ನನ್ನು ಅಟ್ಟಿಸಿಕೊಂಡು ಬಂದಿದ್ದಾರೆ! ಡಬಡಬ ಎನ್ನುತ್ತಿದ್ದಾರೆ! ಇನ್ನೂ ಇಲ್ಲೇ ಇದ್ದಾರೆ!"

ಬಸವಜ್ಜ "ಹೆದರಬೇಡ" ಎನ್ನಲಿಲ್ಲ. ಹಾಗೆ ಹೇಳಿದ ಮಾತ್ರಕ್ಕೆ ಹೆದರಿಕೆ ಹೋಗುವುದಿಲ್ಲವೆಂದು ಅದಕ್ಕೆ ತಿಳಿದಿತ್ತು. ಅದು ತಲೆಯನ್ನು ಬೇಲಿಯ ಕಡೆಗೆ ತಿರುಗಿಸಿತು. ಅಲ್ಲೊಂದು ಎಕ್ಕದ ಗಿಡ. ಅದರ ಕಾಯಿಯೊಂದು ಬಿರಿದು, ಒಳಗಿನಿಂದ ಬೆಳ್ಳಿಯಂತಹ ಎಳೆಗಳು ಹೊರಗೆ ಇಣುಕುತ್ತಿದ್ದವು.

"ಅಲ್ಲಿಂದ ಒಂದು ಅಜ್ಜನ ಗಡ್ಡ ಹಾರಿ ಬರುತ್ತಿದೆ, ನೋಡು. ಅದು ನಿನ್ನ ಮೂಗಿನ ಮೇಲೆ ಕುಳಿತರೆ ಅದನ್ನು ಅಲ್ಲಿಯೇ ಉಳಿಸಿಕೊಳ್ಳಬಲ್ಲೆಯಾ?"

ಅಜ್ಜನ ಗಡ್ಡ ತೇಲಿ ತೇಲಿ ಬಂದು ತುಂಬೆಯ ಮೂಗಿನ ತುದಿಯಲ್ಲಿ ಕುಳಿತಿತು. ಹೆಕ್! ಒಂದೇ ಉಸಿರಿಗೆ ಅದು ಹಾರಿಹೋಯಿತು. ಇನ್ನೊಂದು ಬಂದು ಕುಳಿತಿತು. ಹೆಕ್‌ಹೆಕ್! ಅದೂ ಹೋಯಿತು. ತುಂಬೆಯ ಕಣ್ಣಲ್ಲಿ ನೀರು ತುಂಬಿತು.

"ನನಗೆ ಬರುವುದಿಲ್ಲ ಅಜ್ಜಾ."

"ಓಡುವಾಗ ವೇಗದ ಉಸಿರು ಬೇಕೇ ಬೇಕು, ಮಗಳೇ. ಅದು ಇಲ್ಲದಿದ್ದರೆ ಮೊಲಗಳು ನರಿಯಿಂದ ತಪ್ಪಿಸಿಕೊಳ್ಳುವುದು ಹೇಗೆ? ಆದರೆ ಈಗ ನಿನ್ನ ಕಾಲುಗಳು ನಿಂತಿವೆ, ಉಸಿರಿಗೆ ಮಾತ್ರ ಆ ಸುದ್ದಿ ಮುಟ್ಟಿಲ್ಲ. ಬೆನ್ನನ್ನು ನನಗೆ ಒರಗಿಸಿಕೋ. ಅವರೆ ಹೊಲದ ಸೊಗಡು ಬರುತ್ತಿದೆಯಲ್ಲ, ಅದನ್ನು ಮೂಗಿನಿಂದ ಮೆಲ್ಲಗೆ ಒಳಗೆ ಕರೆದುಕೋ."

ತುಂಬೆ ಮೂಗರಳಿಸಿದಳು. ಒಂದು… ಎರಡು… ಮೂರು… ಅವರೆಯ ಸೊಗಡು ಮೂಗಿನಿಂದ ಇಳಿದು ಹೊಟ್ಟೆಯವರೆಗೂ ಬಂತು. ಹೊಟ್ಟೆ ಪುಟ್ಟ ಬುಟ್ಟಿಯಂತೆ ದುಂಡಗಾಯಿತು.

"ಈಗ ಅದನ್ನು ಬಂದದ್ದಕ್ಕಿಂತ ನಿಧಾನವಾಗಿ ಕಳುಹಿಸಿಕೊಡು. ಊರಿಗೆ ಹೊರಟ ನೆಂಟರನ್ನು ಬಾಗಿಲವರೆಗೆ ಬಿಟ್ಟುಬರುವ ಹಾಗೆ, ಅವಸರ ಮಾಡದೆ."

ಒಂದು… ಎರಡು… ಮೂರು… ನಾಲ್ಕು… ಐದು…

ನೀನೂ ಹೊಟ್ಟೆಯ ಮೇಲೆ ಕೈ ಇಟ್ಟು ನೋಡು, ಕಂದ. ಅವರೆಯ ಸೊಗಡು ಒಳಗೆ ಬರಲಿ. ಒಂದು… ಎರಡು… ಮೂರು… ಈಗ ಮೆಲ್ಲಗೆ ಹೊರಗೆ ಹೋಗಲಿ. ಒಂದು… ಎರಡು… ಮೂರು… ನಾಲ್ಕು… ಐದು… ಎಣಿಕೆ ತಪ್ಪಿದರೂ ಚಿಂತೆಯಿಲ್ಲ. ತುಂಬೆಗೂ ಎರಡು ಸಲ ತಪ್ಪಿತು. ಒಮ್ಮೆಯಂತೂ ನಡುವೆ ಸೀನು ಬಂದು, ಬಸವಜ್ಜನ ಕಿವಿ ಪಟಪಟನೆ ಅಲುಗಾಡಿತು.

ಮೂರನೆಯ ಅಜ್ಜನ ಗಡ್ಡ ಬಂದು ಅವಳ ಮೂಗಿನ ಮೇಲೆ ಕುಳಿತಿತು. ಉಸಿರು ಹೊರಗೆ ಬಂದಾಗ ಅದರ ಎಳೆಗಳು ಮೆಲ್ಲಗೆ ಬಾಗಿದವು. ಉಸಿರು ಒಳಗೆ ಹೋದಾಗ ಮೆಲ್ಲಗೆ ನೆಟ್ಟಗಾದವು. ಬಾಗಿದವು, ನೆಟ್ಟಗಾದವು. ಆದರೆ ಅದು ಹಾರಿಹೋಗಲಿಲ್ಲ. ತುಂಬೆಯ ಬೆನ್ನ ಹಿಂದೆ ಬಸವಜ್ಜನ ದೊಡ್ಡ ಹೊಟ್ಟೆ ಏರುತ್ತಿತ್ತು, ಇಳಿಯುತ್ತಿತ್ತು. ಅವಳ ಪುಟ್ಟ ಹೊಟ್ಟೆಯೂ ಏರುತ್ತಿತ್ತು, ಇಳಿಯುತ್ತಿತ್ತು.

ಸ್ವಲ್ಪ ಹೊತ್ತಾದ ಮೇಲೆ ಅವಳು ಪಿಸುಗುಟ್ಟಿದಳು: "ಅಜ್ಜಾ, ಅಟ್ಟಿಸಿಕೊಂಡು ಬಂದವರು ಓಡುವುದನ್ನು ಬಿಟ್ಟು ನಡೆಯುತ್ತಿದ್ದಾರೆ. ಡಬ್… ಡಬ್… ಎನ್ನುತ್ತಿದ್ದಾರೆ."

"ಎಲ್ಲಿದ್ದಾರೆ ಅವರು? ಕಿವಿಗೊಟ್ಟು ಕೇಳು."

ತುಂಬೆ ಉದ್ದನೆಯ ಕಿವಿಗಳನ್ನು ನಿಮಿರಿಸಿ ಕೇಳಿದಳು. ಬೇಲಿಯ ಆಚೆ ಯಾರೂ ಇರಲಿಲ್ಲ. ಬಣವೆಯ ಹಿಂದೆಯೂ ಇರಲಿಲ್ಲ. ಆ ಸದ್ದು ಬಹಳ ಹತ್ತಿರದಿಂದ, ಅವಳ ಎದೆಯ ತುಪ್ಪಳದ ಒಳಗಿನಿಂದ ಬರುತ್ತಿತ್ತು.

"ಅಜ್ಜಾ, ಇದು ನನ್ನದೇ!"

"ಹೌದು ಮಗಳೇ. ಪಾಪ, ನಿನ್ನ ಜೊತೆಯಲ್ಲಿ ಅದೂ ಓಡಿ ಓಡಿ ದಣಿದಿದೆ."

ಹುಣಸೆ ಮರದ ಗೂಬೆ ಮತ್ತೆ ಕೂಗಿತು. ತುಂಬೆಗೆ ಮತ್ತೆ ಹೆದರಿಕೆಯಾಯಿತು. ಆದರೆ ಈ ಸಲ ಅವಳು ಅವರೆಯ ಸೊಗಡನ್ನು ಒಳಗೆ ಕರೆದುಕೊಂಡು, ಮೆಲ್ಲಗೆ ಕಳುಹಿಸಿಕೊಟ್ಟಳು. ಆಗ ಬೇರೆ ಬೇರೆ ಸದ್ದುಗಳು ಅವಳಿಗೆ ಒಂದೊಂದಾಗಿ ಕೇಳತೊಡಗಿದವು. ಚರಚರ ಎನ್ನುತ್ತಿದ್ದದ್ದು ಅವರೆಯ ಒಣ ಎಲೆ. ಕಿರ್ರೆನ್ನುತ್ತಿದ್ದದ್ದು ಜೀರುಂಡೆ. ಠಣ್ ಎಂದದ್ದು ಬಸವಜ್ಜನ ಕೊರಳಿನ ಗಂಟೆ. ಗೂಬೆಯ ಕೂಗು ಎಷ್ಟೋ ದೂರದಿಂದ, ಕೆರೆಯ ಏರಿಯ ಆಚೆಯಿಂದ ಬರುತ್ತಿತ್ತು.

"ಅಜ್ಜಾ, ಚಂದ್ರ ಬೆಟ್ಟದ ನೆತ್ತಿಗೆ ಬಂದ. ಅಮ್ಮ ಬರುವ ಹೊತ್ತಾಯಿತು."

"ಹಾಗಾದರೆ ಹೋಗಿ ಬಾ. ಕಣದ ಕೆಲಸ ಮುಗಿಯುವವರೆಗೂ ನಾನು ಇಲ್ಲಿಯೇ ಇರುತ್ತೇನೆ" ಎಂದು ಬಸವಜ್ಜ ಮೆಲುಕು ಮುಂದುವರಿಸಿತು.

ತುಂಬೆ ಈ ಸಲ ಓಡಲಿಲ್ಲ. ಬೇಲಿಯ ಕಂಡಿಯಲ್ಲಿ ಒಮ್ಮೆ, ಅವರೆ ಸಾಲಿನ ತಿರುವಿನಲ್ಲಿ ಒಮ್ಮೆ, ಗುಳಿಯ ಹತ್ತಿರ ಇನ್ನೊಮ್ಮೆ ನಿಂತು, ಉಸಿರನ್ನು ಒಳಗೆ ಕರೆದು, ಮೆಲ್ಲಗೆ ಕಳುಹಿಸಿ, ಮತ್ತೆ ನಡೆದಳು. ಹುಲ್ಲಿನ ಗುಳಿ ಅವಳ ಅಳತೆಯಲ್ಲಿಯೇ ಕಾದಿತ್ತು. ಅದರಲ್ಲಿ ಅವಳು ಕಿವಿಗಳನ್ನು ಬೆನ್ನಿಗೆ ಅಂಟಿಸಿಕೊಂಡು ಮಲಗಿದಳು.

ಹುಲ್ಲು ಸರಸರ ಎಂದಿತು. ತುಂಬೆ ಆಲಿಸಿದಳು. ಒಂದು… ಎರಡು… ಮೂರು… ಅವರೆಯ ಸೊಗಡಿನ ಜೊತೆಯಲ್ಲಿ ಅಮ್ಮನ ವಾಸನೆಯೂ ಬಂತು.

ಅಮ್ಮ ಹಾಲುಣಿಸಿ, ಹಣೆಯ ಬಿಳಿ ಚುಕ್ಕೆಯನ್ನು ನೆಕ್ಕಿ, "ಮೂಗಿನ ಮೇಲೆ ಇದೇನು ಮಗಳೇ?" ಎಂದು ಕೇಳಿದಳು.

"ಅಜ್ಜನ ಗಡ್ಡ, ಅಮ್ಮಾ. ಅದನ್ನು ಊದಬೇಡ. ಅದು ಮಲಗಿದೆ" ಎಂದ ತುಂಬೆಯ ಮಾತು ಅರ್ಧಕ್ಕೇ ಆಕಳಿಕೆಯಾಯಿತು.

ಬೆಟ್ಟದ ಮೇಲೆ ಚಂದ್ರ ಮೆಲ್ಲಗೆ ಸರಿದ. ಕಣದಲ್ಲಿ ಗಂಟೆ ಒಮ್ಮೆ ಠಣ್ ಎಂದು ಸುಮ್ಮನಾಯಿತು. ಹುಲ್ಲಿನ ಗುಳಿಯೊಳಗೆ, ಪುಟ್ಟ ಮೂಗಿನ ಮೇಲೆ, ಬೆಳ್ಳಿಯ ಎಳೆಗಳು ಬಾಗಿದವು… ನೆಟ್ಟಗಾದವು… ಬಾಗಿದವು…