ಲಾಗಿನ್ ಆಗುತ್ತಿಲ್ಲವೇ? ಪಾಸ್‌ವರ್ಡ್ ಹೀಗೆ ಬದಲಾಯಿಸಿಕೊಳ್ಳಿ

ನಮಸ್ಕಾರ,

ಮಂಗಳವಾರ ರಾತ್ರಿಯಿಂದ ನಮ್ಮ ಅಂಗಡಿಯ ವೆಬ್‌ಸೈಟಿಗೆ ಲಾಗಿನ್ ಆಗಲು ಹೋದವರಿಗೆ "Invalid password" ಎಂದು ಬರುತ್ತಿದೆ. ನೀವು ಪಾಸ್‌ವರ್ಡ್ ಮರೆತಿಲ್ಲ, ತಪ್ಪಾಗಿ ಟೈಪ್ ಮಾಡಿಯೂ ಇಲ್ಲ. ತೊಂದರೆ ಇರುವುದು ನಮ್ಮ ಕಡೆ, ದಯವಿಟ್ಟು ಕ್ಷಮಿಸಿ. ಹಳೆಯ ಪಾಸ್‌ವರ್ಡ್ ಇನ್ನು ನಡೆಯುವುದಿಲ್ಲ. ಒಂದು ಸಲ ಹೊಸದನ್ನು ಇಟ್ಟುಕೊಂಡರೆ ಎಲ್ಲ ಮೊದಲಿನಂತೆ.

ಆಗಿದ್ದು ಇಷ್ಟು. ಅಪ್ಪೆಮಿಡಿ ಉಪ್ಪಿನಕಾಯಿಯ ಸೀಸನ್ ಬಂತೆಂದರೆ ಆರ್ಡರ್ ಜಾಸ್ತಿಯಾಗಿ ಹಳೆಯ ಸರ್ವರ್ ಒದ್ದಾಡುತ್ತಿತ್ತು. ಹಾಗಾಗಿ ಅಂಗಡಿಯನ್ನು ಹೊಸ ಸರ್ವರ್‌ಗೆ, ಹೊಸ ಸಾಫ್ಟ್‌ವೇರಿಗೆ ಸಾಗಿಸಿದೆವು. ನಿಮ್ಮ ಹೆಸರು, ವಿಳಾಸ, ಹಿಂದಿನ ಆರ್ಡರುಗಳು ಎಲ್ಲ ಸರಿಯಾಗಿ ಬಂದಿವೆ. ಪಾಸ್‌ವರ್ಡ್ ಮಾತ್ರ ಹೊಂದಿಕೊಳ್ಳಲಿಲ್ಲ. ನೀವು ಕೊಟ್ಟ ಪಾಸ್‌ವರ್ಡನ್ನು ನಾವು ಹಾಗೇ ಬರೆದಿಡುವುದಿಲ್ಲ, ಗುರುತು ಸಿಗದಂತೆ ಹ್ಯಾಶ್ ಮಾಡಿ ಇಡುತ್ತೇವೆ. ಬೀಸಿದ ಹಿಟ್ಟನ್ನು ಮತ್ತೆ ಕಾಳು ಮಾಡಲು ಆಗುವುದಿಲ್ಲ, ಅಲ್ವಾ? ಇದೂ ಹಾಗೆಯೇ. ಹೊಸ ಸಾಫ್ಟ್‌ವೇರ್ ಹ್ಯಾಶ್ ಮಾಡುವ ರೀತಿ ಬೇರೆ, ಅದಕ್ಕೇ ಹಳೆಯದು ತಾಳೆಯಾಗುತ್ತಿಲ್ಲ. ನಿಮ್ಮ ಪಾಸ್‌ವರ್ಡ್ ಏನೆಂದು ನಮಗೆ ಗೊತ್ತಿಲ್ಲದ ಕಾರಣ ನಾವೇ ಸರಿಮಾಡಿ ಕೊಡಲೂ ಬರುವುದಿಲ್ಲ. ಯಾರೂ ಏನನ್ನೂ ಕದ್ದಿಲ್ಲ, ಆ ಭಯ ಬೇಡ.

ಹೊಸ ಪಾಸ್‌ವರ್ಡ್ ಇಡಲು, ಯಾವಾಗಲೂ ಬರುವಂತೆ ನಮ್ಮ ವೆಬ್‌ಸೈಟಿಗೆ ಬಂದು ಲಾಗಿನ್ ಪುಟ ತೆರೆಯಿರಿ. ಕೆಳಗೆ ಇರುವ "Forgot password?" ಒತ್ತಿ. ಖಾತೆ ತೆರೆಯುವಾಗ ಕೊಟ್ಟಿದ್ದ ಇಮೇಲ್ ಹಾಕಿ. ಆ ಇಮೇಲಿಗೆ ಒಂದು ಲಿಂಕ್ ಬರುತ್ತದೆ. ಅದನ್ನು ತೆರೆದು ಹೊಸ ಪಾಸ್‌ವರ್ಡನ್ನು ಎರಡು ಸಲ ಟೈಪ್ ಮಾಡಿ "Save" ಒತ್ತಿದರೆ ಮುಗಿಯಿತು. ಕಡಿಮೆಯೆಂದರೆ 10 ಅಕ್ಷರ ಇರಬೇಕು. ಹುಟ್ಟಿದ ದಿನ, ಫೋನ್ ನಂಬರ್ ಬೇಡ. ಒಂದಕ್ಕೊಂದು ಸಂಬಂಧವಿಲ್ಲದ ಮೂರು ನಾಲ್ಕು ಪದ ಜೋಡಿಸಿದರೆ ನೆನಪಿಡಲೂ ಸುಲಭ, ಊಹಿಸಲೂ ಕಷ್ಟ. ಬ್ಯಾಂಕಿನ ಪಾಸ್‌ವರ್ಡನ್ನೇ ಇಲ್ಲೂ ಇಡಬೇಡಿ.

ಈಗ ತುಂಬಾ ಜನ ಒಟ್ಟಿಗೇ ಕೇಳುತ್ತಿರುವುದರಿಂದ ಮೇಲ್ ಬರಲು ಹತ್ತು ಹದಿನೈದು ನಿಮಿಷ ಹಿಡಿಯಬಹುದು. ಬರಲಿಲ್ಲವೆಂದು ಮತ್ತೆ ಮತ್ತೆ ಒತ್ತಬೇಡಿ. ಹೊಸ ಲಿಂಕ್ ಹೊರಟ ಕೂಡಲೇ ಹಿಂದಿನದು ರದ್ದಾಗುತ್ತದೆ, ಕೊನೆಯದು ಮಾತ್ರ ಕೆಲಸ ಮಾಡುತ್ತದೆ. ಸ್ಪ್ಯಾಮ್ ಫೋಲ್ಡರ್, ಜಿಮೇಲ್‌ನ ಪ್ರೊಮೋಷನ್ಸ್ ಟ್ಯಾಬ್ ಒಮ್ಮೆ ನೋಡಿ. ಲಿಂಕಿನ ಆಯಸ್ಸು ಒಂದು ಗಂಟೆ.

ಪಾಸ್‌ವರ್ಡ್ ಬದಲಾಯಿಸಿದ ಮೇಲೂ ಲಾಗಿನ್ ಆಗದಿದ್ದರೆ, ಹೆಚ್ಚಾಗಿ ಕಾರಣ ಬ್ರೌಸರ್. ಅದು ಸೇವ್ ಮಾಡಿಟ್ಟುಕೊಂಡ ಹಳೆಯ ಪಾಸ್‌ವರ್ಡನ್ನೇ ತಾನಾಗಿ ತುಂಬಿಬಿಡುತ್ತದೆ. ಅದನ್ನು ಅಳಿಸಿ ಹೊಸದನ್ನು ಕೈಯಾರೆ ಟೈಪ್ ಮಾಡಿ. ಅಪ್ಡೇಟ್ ಮಾಡಲೇ ಎಂದು ಬ್ರೌಸರ್ ಕೇಳಿದರೆ ಹೌದು ಎನ್ನಿ.

ಇನ್ನೊಂದು ಮಾತು. ಊರಲ್ಲಿರುವ ಅಮ್ಮನ ಖಾತೆಗೆ ಬೆಂಗಳೂರಿನ ಮಗನ ಇಮೇಲ್, ಅತ್ತೆಯ ಖಾತೆಗೆ ಅಮೆರಿಕದ ಸೊಸೆಯ ಇಮೇಲ್ ಇರುವುದು ನಮ್ಮಲ್ಲಿ ಮಾಮೂಲಿ. ಲಿಂಕ್ ಹೋಗುವುದು ಅಲ್ಲಿಗೇ. ಯಾರ ಇಮೇಲ್ ಕೊಟ್ಟಿದ್ದಿರೋ ಅವರಿಗೆ ಮೊದಲು ಫೋನ್ ಮಾಡಿ, ಆಮೇಲೆ ಬಟನ್ ಒತ್ತಿ. ಆ ಇಮೇಲ್ ಈಗ ಬಳಕೆಯಲ್ಲೇ ಇಲ್ಲದಿದ್ದರೆ ನಮಗೆ ತಿಳಿಸಿ, ಹಳೆಯ ಆರ್ಡರ್ ನಂಬರ್ ನೋಡಿಕೊಂಡು ಬದಲಾಯಿಸಿ ಕೊಡುತ್ತೇವೆ.

ಮೊಬೈಲ್ ಓಟಿಪಿ ಮೂಲಕ ಲಾಗಿನ್ ಆಗುವವರಿಗೆ ಇದ್ಯಾವುದೂ ಬೇಕಿಲ್ಲ. ಅವಸರದಲ್ಲಿ ಜೋನಿಬೆಲ್ಲವೋ ಹಲಸಿನ ಹಪ್ಪಳವೋ ಬೇಕಾದವರು ಲಾಗಿನ್ ಇಲ್ಲದೆಯೇ "Guest checkout" ಮೂಲಕ ಕೊಳ್ಳಬಹುದು. ಈಗಾಗಲೇ ಬಂದ ಆರ್ಡರುಗಳು ಹೇಳಿದ ದಿನಕ್ಕೇ ಶಿರಸಿಯಿಂದ ಹೊರಡುತ್ತವೆ.

ಇಂಥ ಹೊತ್ತಿನಲ್ಲಿ ನಮ್ಮ ಹೆಸರು ಹೇಳಿಕೊಂಡು ಮೋಸ ಮಾಡುವವರೂ ಬರಬಹುದು. ಅದಕ್ಕೇ ಈ ಸೂಚನೆಯಲ್ಲಿ ಬೇಕಂತಲೇ ಯಾವ ಲಿಂಕನ್ನೂ ಹಾಕಿಲ್ಲ. ನೀವು ಕೇಳದೆ ಪಾಸ್‌ವರ್ಡ್ ಲಿಂಕ್ ಬಂದರೆ ತೆರೆಯಬೇಡಿ. ನಾವು ಫೋನ್ ಮಾಡಿ ಪಾಸ್‌ವರ್ಡ್, ಓಟಿಪಿ, ಯುಪಿಐ ಪಿನ್ ಕೇಳುವುದೇ ಇಲ್ಲ. ರೀಫಂಡ್ ಕೊಡುತ್ತೇವೆ, ಪಿನ್ ಹಾಕಿ ಎಂದು ಯಾರಾದರೂ ಹೇಳಿದರೆ ಫೋನ್ ಇಟ್ಟುಬಿಡಿ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಬೇಕಿಲ್ಲ. ಕಾರ್ಡ್ ನಂಬರುಗಳೂ ನಮ್ಮ ಬಳಿ ಇಲ್ಲ. 2022ರ ಅಕ್ಟೋಬರ್ 1ರಿಂದ ಅಂಗಡಿಯವರು ಅದನ್ನು ಇಟ್ಟುಕೊಳ್ಳುವಂತಿಲ್ಲ ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಅಕಸ್ಮಾತ್ ಹಣ ಹೋಗಿದ್ದರೆ ತಡಮಾಡದೆ ಸರ್ಕಾರದ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಸಹಾಯ ಬೇಕಾದರೆ ನಿಮ್ಮ ಹಿಂದಿನ ಪಾರ್ಸೆಲ್ ಬಾಕ್ಸಿನ ಮೇಲಿರುವ ನಂಬರಿಗೆ ವಾಟ್ಸಾಪ್ ಮಾಡಿ. ಭಾನುವಾರ ಸೇರಿ ಈ ವಾರವಿಡೀ ಬೆಳಿಗ್ಗೆ 9ರಿಂದ ರಾತ್ರಿ 8ರವರೆಗೆ ಇರುತ್ತೇವೆ. ಸ್ಕ್ರೀನ್‌ಶಾಟ್ ಕಳಿಸಿದರೆ ಬೇಗ ಗೊತ್ತಾಗುತ್ತದೆ. ಆದರೆ ಅದರಲ್ಲಿ ಪಾಸ್‌ವರ್ಡ್ ಕಾಣದಂತೆ ನೋಡಿಕೊಳ್ಳಿ.

ಅಂಗಡಿಯ ಬಳಗ
ಶಿರಸಿ, ಉತ್ತರ ಕನ್ನಡ