ಕುಡಿಯುವ ನೀರು ಪೂರೈಕೆ: 12-06-2025ರ ಸಾಮಾನ್ಯ ಸಭೆಯ ಸೂಚನೆಗಳ ಅನುಪಾಲನಾ ವರದಿ

1. ಓವರ್‌ಹೆಡ್ ಟ್ಯಾಂಕ್ ಸ್ವಚ್ಛತೆ: ಪೂರ್ಣಗೊಂಡಿದೆ. ದಿನಾಂಕವನ್ನು ಟ್ಯಾಂಕಿನ ಮೇಲೆ ಬರೆಸಲಾಗಿದೆ.

2. ಕ್ಲೋರಿನೀಕರಣ: ಜಾರಿಯಲ್ಲಿದೆ, ಆದರೆ ತೃಪ್ತಿಕರವಾಗಿಲ್ಲ. 50,000 ಲೀಟರ್ ನೀರಿಗೆ 125 ಗ್ರಾಂ ಬ್ಲೀಚಿಂಗ್ ಪುಡಿ ಕರಗಿಸಿ, ತಿಳಿ ದ್ರಾವಣವನ್ನು ಮಾತ್ರ ಹಾಕಿ ಅರ್ಧ ಗಂಟೆಯ ನಂತರ ನೀರು ಬಿಡಲಾಗುತ್ತಿದೆ. ಆದರೂ ಕೊನೆಯ ಬೀದಿಯ ನಲ್ಲಿಯಲ್ಲಿ ಉಳಿಕೆ ಕ್ಲೋರಿನ್ ಲೀಟರಿಗೆ 0.2 ಮಿ.ಗ್ರಾಂ.ಗಿಂತ ಕಡಿಮೆ ಬಂದಿದೆ. ಚೀಲ ತೆರೆದಿಟ್ಟಿದ್ದರಿಂದ ಪುಡಿಯ ಸತ್ವ ಕುಂದಿದೆ. ಹೊಸ ಪುಡಿ ತರಿಸಿ, ಮುಚ್ಚಳದ ಡಬ್ಬದಲ್ಲಿಡಲು ನೀರುಗಂಟಿಗೆ ಸೂಚಿಸಲಾಗಿದೆ. ಮಕ್ಕಳು ಕುಡಿಯುವ ನೀರಾದ್ದರಿಂದ ಮರುಪರೀಕ್ಷೆ ಇದೇ ವಾರ ನಡೆಯಲೇಬೇಕು.

3. ಚರಂಡಿಯೊಳಗಿನ ಪೈಪ್ ಸ್ಥಳಾಂತರ: ಬಾಕಿ. 40 ಮೀಟರ್ ಪೈಪಿಗೆ ಅಂದಾಜುಪಟ್ಟಿ ಸಿದ್ಧವಿದ್ದು, ಕಿರಿಯ ಇಂಜಿನಿಯರ್ ಸಹಿ ಆಗಬೇಕಿದೆ. ಸದ್ಯಕ್ಕೆ ಸೋರುವ ಜಾಯಿಂಟ್ ಬದಲಿಸಲಾಗಿದೆ.

4. ಹೆಚ್ಚುವರಿ ಮೋಟಾರ್: ಖರೀದಿಸಲಾಗಿದೆ.

ಪಂಚಾಯಿತಿ ಅಭಿವೃದ್ಧಿ ಅಧಿಕಾರಿ